ಹತ್ತು ಕಡೆಯ ಪ್ರಕಟಣೆ, ಒಂದು ಹಾಳೆಯ ಸುದ್ದಿಪತ್ರ

ಪ್ರಶ್ನೆ: ನಮ್ಮದು ಚಾಮರಾಜನಗರ ಮತ್ತು ಗುಂಡ್ಲುಪೇಟೆ ಎರಡೂ ಊರಿನವರಿರುವ, ಓದು ಮತ್ತು ತಿರುಗಾಟದ ಒಂದು ಸಣ್ಣ ಕ್ಲಬ್. ಪ್ರಕಟಣೆಗಳು ಎರಡು ವಾಟ್ಸ್ಆ್ಯಪ್ ಗುಂಪು, ನೋಟಿಸ್ ಬೋರ್ಡು, ಫೋನು ಹೀಗೆ ಎಲ್ಲೆಲ್ಲಿಂದಲೋ ಬರುತ್ತವೆ. ಹಿರಿಯ ಸದಸ್ಯರಿಗೆ ಅರ್ಧ ತಲುಪುವುದೇ ಇಲ್ಲ. ಇವನ್ನೆಲ್ಲ ಕೂಡಿಸಿ ತಿಂಗಳಿಗೊಂದು ಸುದ್ದಿಪತ್ರ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳ ಪ್ರಕಟಣೆಗಳನ್ನು ಜೊತೆಗಿಟ್ಟಿದ್ದೇನೆ. ಯಾವುದು ಮುಖ್ಯ ಸುದ್ದಿ, ಯಾವುದು ಕಿರುಸುದ್ದಿ ಎಂದು ಹೇಗೆ ತೀರ್ಮಾನಿಸುವುದು? ಒಂದೇ ಕಾರ್ಯಕ್ರಮ ಮುಖ್ಯ ಸುದ್ದಿಯಲ್ಲೂ ದಿನಾಂಕಗಳ ಬಾಕ್ಸಿನಲ್ಲೂ ಬಂದರೆ ತಪ್ಪಾಗುವುದಿಲ್ಲವೇ?
– ಗುಂಡ್ಲುಪೇಟೆಯ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಪ್ರಕಟಣೆಗಳನ್ನೂ ಜೊತೆಗೆ ಕಳುಹಿಸಿದ್ದರಿಂದ ಗಾಳಿಯಲ್ಲಿ ಉತ್ತರ ಕೊಡುವ ಕಷ್ಟ ತಪ್ಪಿತು. ನಿಮ್ಮ ಆಗಸ್ಟ್ ತಿಂಗಳ ಕಾಗದಗಳನ್ನೇ ಮುಂದಿಟ್ಟುಕೊಂಡು ಒಂದು ಸಂಚಿಕೆ ಕಟ್ಟೋಣ. ನಿಮ್ಮ ಸಂದೇಹಗಳಿಗೆ ದಾರಿಯಲ್ಲೇ ಉತ್ತರ ಸಿಗುತ್ತದೆ.

ಮೊದಲ ಕೆಲಸ ಬರೆಯುವುದಲ್ಲ, ಕೂಡಿಹಾಕುವುದು. ಒಂದು ನೋಟ್‌ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಪ್ರತಿ ಪ್ರಕಟಣೆಗೂ ಒಂದು ಸಾಲು ಕೊಡಿ. ಬಂದ ತಾರೀಖು, ಕೊಟ್ಟವರು, ಏನು, ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ, ವಿಚಾರಿಸಿ ಖಚಿತ ಮಾಡಿಕೊಂಡದ್ದೋ ಇಲ್ಲವೋ, ಇಷ್ಟು ಮನೆಗಳು ಸಾಕು. ಬಂದ ತಾರೀಖು ಯಾಕೆ ಎಂದು ಕೇಳುತ್ತೀರೇನೋ. ನೀವು ಕಳುಹಿಸಿದವುಗಳಲ್ಲಿ ಒಂದು ಸಂದೇಶ ಹೀಗಿದೆ: ‘ನಾಳೆ ಸಂಜೆ ಐದೂವರೆಗೆ ಪುಸ್ತಕ ಚರ್ಚೆ, ಎಲ್ಲರೂ ಬನ್ನಿ.’ ಯಾವ ನಾಳೆ? ಬರೆದವರು ಶುಕ್ರವಾರ ಬರೆದಿರಬಹುದು. ಒಬ್ಬರು ಅದನ್ನು ಶನಿವಾರ ರಾತ್ರಿ ಇನ್ನೊಂದು ಗುಂಪಿಗೆ ದಾಟಿಸಿದರೆ ನಾಳೆ ಎನ್ನುವುದು ಭಾನುವಾರವಾಗಿಬಿಡುತ್ತದೆ. ಆದ್ದರಿಂದ ‘ನಾಳೆ’, ‘ಮುಂದಿನ ವಾರ’, ‘ಈ ಭಾನುವಾರ’ ಎಂದಿರುವ ಪ್ರತಿಯೊಂದನ್ನೂ ನೋಟ್‌ಪುಸ್ತಕಕ್ಕೆ ಇಳಿಸುವಾಗಲೇ ತಾರೀಖಿಗೆ ಬದಲಿಸಿ. ಬದಲಿಸಲು ಆಗದಿದ್ದರೆ ಕಳುಹಿಸಿದವರಿಗೆ ಫೋನು ಮಾಡಿ.

ಇನ್ನೊಂದು ಸಂದೇಶದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಭೇಟಿಯನ್ನು ‘ಆಗಸ್ಟ್ 15ರ ಭಾನುವಾರ’ ಎಂದು ಬರೆದಿದ್ದಾರೆ. 2026ರ ಕ್ಯಾಲೆಂಡರ್ ತೆಗೆದು ನೋಡಿ, 15 ಶನಿವಾರ. ಹಾಗಾದರೆ ತಪ್ಪಿರುವುದು ತಾರೀಖೋ ವಾರವೋ? ಭಾನುವಾರವೂ ರಜೆ, 15 ಸ್ವಾತಂತ್ರ್ಯ ದಿನಾಚರಣೆಯ ರಜೆ, ಎರಡೂ ಸಲ್ಲುವಂತಿವೆ. ಇಲ್ಲಿ ಊಹೆ ಮಾಡಿ ಒಂದನ್ನು ಅಚ್ಚು ಹಾಕಿದರೆ ಅರ್ಧ ಜನ ಒಂದು ದಿನ, ಇನ್ನರ್ಧ ಮರುದಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ. ತಾರೀಖು ಮತ್ತು ವಾರ ಎರಡನ್ನೂ ಹಾಕಬೇಕು ಎಂದು ಹೇಳುವುದು ಇದಕ್ಕೇ. ಒಂದು ತಪ್ಪಿದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. ಇದನ್ನು ಆಯೋಜಕರಿಂದಲೇ ಖಚಿತ ಮಾಡಿಕೊಳ್ಳಿ. ಮುಂದೆ ಮಾದರಿಗಾಗಿ ನಾನು 16ರ ಭಾನುವಾರ ಎಂದು ಇಟ್ಟುಕೊಂಡಿದ್ದೇನೆ.

ಸ್ಥಳದ ವಿಷಯದಲ್ಲೂ ನಿಮಗೆ ಎರಡು ಊರಿನ ತೊಡಕಿದೆ. ‘ಬಸ್ ನಿಲ್ದಾಣದ ಹತ್ತಿರ ಸೇರುವುದು’ ಎಂದರೆ ಗುಂಡ್ಲುಪೇಟೆಯವರು ತಮ್ಮ ನಿಲ್ದಾಣ ಎಂದುಕೊಳ್ಳುತ್ತಾರೆ, ಚಾಮರಾಜನಗರದವರು ತಮ್ಮದು. ಒಂದೇ ಊರಿನ ಗುಂಪಿನೊಳಗೆ ಆ ಮಾತು ಸರಿಯಾಗಿಯೇ ಇತ್ತು. ಸುದ್ದಿಪತ್ರಕ್ಕೆ ಬಂದ ಕೂಡಲೇ ಅದು ಗೊಂದಲವಾಗುತ್ತದೆ. ಪ್ರತಿ ಸ್ಥಳದ ಹಿಂದೆಯೂ ಊರ ಹೆಸರು ಬರಲೇಬೇಕು.

ಈಗ ಬರಹದ ರೂಪದ ಒಂದು ತಲೆನೋವು. ನಿಮ್ಮ ಪ್ರಕಟಣೆಗಳಲ್ಲಿ ಕೆಲವು ಮೊಬೈಲಿನಲ್ಲಿ ಬರೆದವು, ಅವು ಯೂನಿಕೋಡ್. ಕಾರ್ಯದರ್ಶಿಯವರು ಕಳುಹಿಸಿದ್ದು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದ ಫೈಲು. ಅದನ್ನು ಹಾಗೇ ಎತ್ತಿ ಇನ್ನೊಂದು ಕಡೆ ಅಂಟಿಸಿದರೆ ‘ಕನ್ನಡ’ ಎಂದು ಇರಬೇಕಾದಲ್ಲಿ PÀ£ÀßqÀ ಎಂದು ಕಾಣುತ್ತದೆ. ಫೈಲು ಹಾಳಾಯಿತು ಎಂದು ಗಾಬರಿಯಾಗಬೇಡಿ. ಅಕ್ಷರಗಳೆಲ್ಲ ಅಲ್ಲೇ ಇವೆ, ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು ಅಷ್ಟೆ. ಪರಿವರ್ತಕ ಸಿಗುತ್ತದೆ, ಕೆಲಸ ಒಂದು ನಿಮಿಷದ್ದು. ಆದರೆ ಪರಿವರ್ತನೆ ಆದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಕೂಡಿಸುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ‘ಕಾರ್ಯಕ್ರಮ’, ‘ವಾರ್ಷಿಕ’, ‘ಕರ್ನಾಟಕ’ ಇಂಥ ಪದಗಳು ಎಡವುವುದು ಅಲ್ಲೇ. ಇದರ ತಿರುವುಮುರುವೂ ಉಂಟು. ನಿಮ್ಮ ಮುದ್ರಕರು ಇನ್ನೂ ಪೇಜ್‌ಮೇಕರ್ ಬಳಸುವವರಾದರೆ ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಟೈಪು ಮಾಡಲು ಕೂರುವ ಮೊದಲೇ ‘ನಿಮಗೆ ಯಾವುದರಲ್ಲಿ ಬೇಕು?’ ಎಂದು ಅವರನ್ನು ಕೇಳಿಬಿಡಿ.

ಇನ್ನು ಮುಖ್ಯ ಸುದ್ದಿಗೆ ಬರೋಣ. ನಿಮ್ಮ ಕಾಗದಗಳಲ್ಲಿ ಅತಿ ಉದ್ದದ್ದು ವಾರ್ಷಿಕ ಸಭೆಯ ಪ್ರಕಟಣೆ. ಸಭೆ ಅಧ್ಯಕ್ಷರ ಘನ ಅಧ್ಯಕ್ಷತೆಯಲ್ಲಿ ಯಶಸ್ವಿಯಾಗಿ ನೆರವೇರಿತು, ಹೊಸ ಪದಾಧಿಕಾರಿಗಳು ಅವಿರೋಧವಾಗಿ ಆಯ್ಕೆಯಾದರು, ವೇದಿಕೆಯಲ್ಲಿ ಇಂಥಿಂಥವರು ಉಪಸ್ಥಿತರಿದ್ದರು ಎಂದೆಲ್ಲ ಇದೆ. ಇದನ್ನೇ ಫೋಟೊ ಸಮೇತ ಮೇಲೆ ಹಾಕಬೇಕು ಎಂದು ಸಮಿತಿಯವರು ಬಯಸುವುದು ಸಹಜ. ಆದರೆ ಅದೇ ಪ್ರಕಟಣೆಯ ಕೊನೆಯ ಸಾಲನ್ನು ಗಮನಿಸಿದಿರಾ? ‘ಮುಂದಿನ ತಿಂಗಳಿನಿಂದ ಮಾಸಿಕ ಸಭೆಗಳನ್ನು ಎರಡೂ ಊರುಗಳಲ್ಲಿ ಸರದಿಯ ಮೇಲೆ ನಡೆಸಲು ತೀರ್ಮಾನಿಸಲಾಯಿತು ಎಂದು ತಿಳಿಸಲು ಹರ್ಷಿಸುತ್ತೇವೆ.’ ನಿಮ್ಮ ಮುಖ್ಯ ಸುದ್ದಿ ಅಲ್ಲಿ ಅಡಗಿ ಕೂತಿದೆ.

ಯಾಕೆ ಎಂದರೆ, ಯಾವ ಸುದ್ದಿ ಓದಿದ ಮೇಲೆ ಅತಿ ಹೆಚ್ಚು ಸದಸ್ಯರು ತಾವು ಮಾಡುವುದನ್ನು ಬದಲಿಸಿಕೊಳ್ಳಬೇಕಾಗುತ್ತದೋ ಅದು ಮುಖ್ಯ ಸುದ್ದಿ. ಪದಾಧಿಕಾರಿಗಳು ಬದಲಾದರೆ ಸದಸ್ಯರ ದಿನಚರಿ ಬದಲಾಗುವುದಿಲ್ಲ. ಆದರೆ ಇಷ್ಟು ದಿನ ಚಾಮರಾಜನಗರದಲ್ಲೇ ನಡೆಯುತ್ತಿದ್ದ ಸಭೆ ಈ ತಿಂಗಳು ಸುಮಾರು 35 ಕಿ.ಮೀ. ದೂರದ ಗುಂಡ್ಲುಪೇಟೆಗೆ ಹೋದರೆ ಚಾಮರಾಜನಗರದವರು ತೆರಕಣಾಂಬಿ ದಾರಿಯ ಬಸ್ಸು ಹಿಡಿಯಬೇಕು, ಗುಂಡ್ಲುಪೇಟೆಯವರು ಕುರ್ಚಿ ಜೋಡಿಸಬೇಕು. ಇಬ್ಬರಿಗೂ ಕೆಲಸ ಕೊಡುವ ಸುದ್ದಿ ಅದು.

ಬರೆಯುವಾಗ ಪ್ರಕಟಣೆಯನ್ನು ತಲೆಕೆಳಗು ಮಾಡಿ. ಶೀರ್ಷಿಕೆ: ‘ಮಾಸಿಕ ಸಭೆ ಇನ್ನು ಎರಡೂ ಊರಲ್ಲಿ’. ಮೊದಲ ಪ್ಯಾರಾ: ‘ಕ್ಲಬ್ಬಿನ ಮಾಸಿಕ ಸಭೆ ಆಗಸ್ಟ್‌ನಿಂದ ಒಂದು ತಿಂಗಳು ಗುಂಡ್ಲುಪೇಟೆಯಲ್ಲಿ, ಮರುತಿಂಗಳು ಚಾಮರಾಜನಗರದಲ್ಲಿ ನಡೆಯಲಿದೆ. ಸರದಿಯ ಮೊದಲ ಸಭೆ ಆಗಸ್ಟ್ 9ರ ಭಾನುವಾರ ಬೆಳಿಗ್ಗೆ 10 ಗಂಟೆಗೆ ಗುಂಡ್ಲುಪೇಟೆಯಲ್ಲಿದೆ.’ ಎರಡನೆಯ ಪ್ಯಾರಾದಲ್ಲಿ ಯಾಕೆ ಈ ತೀರ್ಮಾನ, ಯಾರು ಸೂಚಿಸಿದರು, ಎಷ್ಟು ತಿಂಗಳು ಪ್ರಯೋಗ ಎನ್ನುವುದು ಬರಲಿ. ಇದು ಪ್ರಕಟಣೆಯಲ್ಲಿ ಇಲ್ಲ, ಕಾರ್ಯದರ್ಶಿಯವರನ್ನು ಕೇಳಿ ಪಡೆಯಬೇಕು. ಮೂರನೆಯದರಲ್ಲಿ ಹೋಗಿಬರುವ ವ್ಯವಸ್ಥೆ. ಹೊಸ ಪದಾಧಿಕಾರಿಗಳ ಹೆಸರು ನಾಲ್ಕನೆಯ ಪ್ಯಾರಾದಲ್ಲೋ ಹಿಂದಿನ ಪುಟದ ಕಿರುಸುದ್ದಿಯಲ್ಲೋ ಬರಬಹುದು. ಒಟ್ಟು 200 ಪದ ಸಾಕು. ಪುಟ ಕಟ್ಟುವಾಗ ಜಾಗ ಸಾಲದಿದ್ದರೆ ಕೆಳಗಿನಿಂದ ಒಂದೊಂದೇ ಪ್ಯಾರಾ ಕತ್ತರಿಸಿದರೂ ಸುದ್ದಿ ಉಳಿದುಕೊಳ್ಳಬೇಕು. ನೀವು ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಮೊದಲ ಪ್ಯಾರಾ ಒಂದನ್ನೇ ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿ ಓದಿ ನೋಡಿ.

ವೇದಿಕೆಯಲ್ಲಿದ್ದವರ ಹೆಸರುಗಳ ಬಗ್ಗೆ ಒಂದು ಮಾತು. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಉಪಸ್ಥಿತರಿದ್ದರು’ ಎಂದು ಮುಗಿಯುವ ಸಾಲು ನಿಮಗೆ ಗೊತ್ತೇ ಇದೆ. ಅದನ್ನು ಪೂರ್ತಿ ಬಿಟ್ಟರೆ ನಮ್ಮ ಊರುಗಳಲ್ಲಿ ಮುನಿಸು ಖಂಡಿತ. ಪೂರ್ತಿ ಹಾಕಿದರೆ ಸುದ್ದಿಗೆ ಜಾಗ ಉಳಿಯುವುದಿಲ್ಲ. ಮಾತಾಡಿದವರು, ಕೆಲಸ ಮಾಡಿದವರು, ಹಣ ಕೊಟ್ಟವರು ಇವರ ಹೆಸರಷ್ಟೇ ಹಾಕುತ್ತೇವೆ ಎಂದು ಮೊದಲ ಸಂಚಿಕೆಗೆ ಮುಂಚೆಯೇ ಸಮಿತಿಯಲ್ಲಿ ತೀರ್ಮಾನ ಮಾಡಿಸಿಕೊಳ್ಳಿ. ನಿಯಮ ಸಮಿತಿಯದಾದರೆ ಬೈಗುಳ ಸಂಪಾದಕರಿಗೆ ಬರುವುದಿಲ್ಲ.

ಕಿರುಸುದ್ದಿ ಸುಲಭ ಎಂದು ಕಾಣುತ್ತದೆ, ಆದರೆ ನಿಜವಾದ ಶ್ರಮ ಅಲ್ಲಿದೆ. ಒಂದೊಂದೂ 40 ಪದದ ಒಳಗಿರಬೇಕು. ನಿಮ್ಮ ಬೆಟ್ಟದ ಪ್ರಕಟಣೆ ಆರು ಸಾಲು ಪ್ರಕೃತಿ ಸೌಂದರ್ಯ ವರ್ಣಿಸಿ ಏಳನೆಯ ಸಾಲಿನಲ್ಲಿ ವಿಷಯಕ್ಕೆ ಬರುತ್ತದೆ. ನಾನು ಬರೆಯುವುದಾದರೆ ಹೀಗೆ: ‘ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಆಗಸ್ಟ್ 16ರ ಭಾನುವಾರ ಸದಸ್ಯರ ಭೇಟಿ. ಬೆಳಿಗ್ಗೆ 7ಕ್ಕೆ ಗುಂಡ್ಲುಪೇಟೆ ಬಸ್ ನಿಲ್ದಾಣದಿಂದ ಹೊರಡುವುದು. ಬೆಟ್ಟದ ಮೇಲೆ ಸ್ವಂತ ವಾಹನ ಬಿಡುವುದಿಲ್ಲ, ತಪ್ಪಲಿನಿಂದ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಬರುವವರು 13ರೊಳಗೆ ಹೆಸರು ಕೊಡಿ.’ ಇಷ್ಟೇ. ಬೆಟ್ಟ ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ ಎಂಬ ಕಾರಣಕ್ಕೆ ಆ ವಾಹನದ ಸಂಗತಿ ಸೌಂದರ್ಯದ ವರ್ಣನೆಗಿಂತ ಮುಖ್ಯ. ಕಾರಿನಲ್ಲಿ ಮೇಲಕ್ಕೆ ಹೋಗಿಬಿಡೋಣ ಎಂದುಕೊಂಡು ಬರುವವರಿಗೆ ಅದು ಮೊದಲೇ ತಿಳಿಯಬೇಕು. ಮೂಲ ಪ್ರಕಟಣೆಯಲ್ಲಿ ಅದು ಇರಲೇ ಇಲ್ಲ. ಊರಿನವರಿಗೆ ಗೊತ್ತಿರುವ ವಿಷಯವಾದ್ದರಿಂದ ಬರೆಯಲು ಹೊಳೆದಿಲ್ಲ. ಕಿರುಸುದ್ದಿ ತಿದ್ದುವವರು ಕತ್ತರಿಸುವುದರ ಜೊತೆಗೆ ಹೀಗೆ ಬಿಟ್ಟುಹೋದದ್ದನ್ನು ಸೇರಿಸಲೂ ಬೇಕು.

ಒಬ್ಬ ಸದಸ್ಯರ ಮಗಳ ಪರೀಕ್ಷೆಯ ಸಾಧನೆ, ಒಂದು ಸಂತಾಪ, ವಾಪಸು ಬಾರದ ಪುಸ್ತಕಗಳ ವಿಚಾರಣೆ, ಶುಲ್ಕದ ನೆನಪು ಇವೆಲ್ಲ ಕಿರುಸುದ್ದಿಗೆ ಸಲ್ಲುತ್ತವೆ. ಸಂತಾಪವನ್ನು ಮಾತ್ರ ಅಭಿನಂದನೆಯ ಪಕ್ಕಕ್ಕೆ ಹಾಕದೆ ಬೇರೆ ಕಾಲಮ್ಮಿನಲ್ಲಿ, ಮೇಲೊಂದು ಗೆರೆ ಎಳೆದು ಇಡಿ.

ಈಗ ನಿಮ್ಮ ದೊಡ್ಡ ಸಂದೇಹ. 9ರ ಸಭೆ ಮುಖ್ಯ ಸುದ್ದಿಯಲ್ಲಿದೆ, ಬೆಟ್ಟದ ಭೇಟಿ ಕಿರುಸುದ್ದಿಯಲ್ಲಿದೆ, ಮತ್ತೆ ದಿನಾಂಕಗಳ ಬಾಕ್ಸಿನಲ್ಲೂ ಬರಬೇಕೆ? ಬರಲೇಬೇಕು. ಇದು ಪುನರುಕ್ತಿ ಎಂದು ಅನೇಕರಿಗೆ ಅನಿಸುತ್ತದೆ, ನಿಮಗೂ ಅನಿಸಿದ್ದು ಸಹಜವೇ. ಆದರೆ ಅವೆರಡನ್ನೂ ಓದುವ ಹೊತ್ತು ಬೇರೆ ಬೇರೆ. ಸುದ್ದಿಯನ್ನು ಓದುಗರು ಹಾಳೆ ಕೈಗೆ ಬಂದ ದಿನ ಒಮ್ಮೆ ಓದುತ್ತಾರೆ. ಬಾಕ್ಸನ್ನು ತಿಂಗಳಿಡೀ, ಹೊರಡುವ ಮುನ್ನ, ಚಪ್ಪಲಿ ಮೆಟ್ಟಿಕೊಳ್ಳುತ್ತ ನೋಡುತ್ತಾರೆ. ಯಾಕೆ, ಹೇಗೆ ಎನ್ನುವುದಕ್ಕೆ ಸುದ್ದಿ, ಯಾವಾಗ, ಎಲ್ಲಿ ಎನ್ನುವುದಕ್ಕೆ ಬಾಕ್ಸು. ತಪ್ಪಾಗುವುದು ಎರಡು ಕಡೆ ಬಂದಾಗಲ್ಲ, ಎರಡು ಕಡೆ ಬೇರೆ ಬೇರೆಯಾಗಿ ಬಂದಾಗ. ಸುದ್ದಿಯಲ್ಲಿ ಹತ್ತು ಗಂಟೆ, ಬಾಕ್ಸಿನಲ್ಲಿ ಹತ್ತೂವರೆ ಎಂದಾಗಿಬಿಟ್ಟರೆ ಎರಡನ್ನೂ ಯಾರೂ ನಂಬುವುದಿಲ್ಲ. ಇದನ್ನು ತಪ್ಪಿಸಲು ಬಾಕ್ಸನ್ನು ಸುದ್ದಿಗಳಿಂದ ನಕಲು ಮಾಡದೆ ನೇರವಾಗಿ ನೋಟ್‌ಪುಸ್ತಕದಿಂದ ಬರೆಯಿರಿ. ಆಮೇಲೆ ಬಾಕ್ಸಿನ ಒಂದೊಂದು ಸಾಲನ್ನೂ ಸುದ್ದಿಯ ಜೊತೆ ತಾಳೆ ನೋಡಿ. ನಿಮ್ಮ ಆಗಸ್ಟ್ ಬಾಕ್ಸು ಹೀಗಿರಬಹುದು:

ಆಗಸ್ಟ್ ಕಾರ್ಯಕ್ರಮಗಳು
9, ಭಾನುವಾರ – ಬೆಳಿಗ್ಗೆ 10ರಿಂದ 12 – ಮಾಸಿಕ ಸಭೆ – ಗುಂಡ್ಲುಪೇಟೆ
13, ಗುರುವಾರ – ಬೆಟ್ಟದ ಭೇಟಿಗೆ ಹೆಸರು ಕೊಡಲು ಕೊನೆಯ ದಿನ
16, ಭಾನುವಾರ – ಬೆಳಿಗ್ಗೆ 7 – ಬೆಟ್ಟಕ್ಕೆ ಹೊರಡುವುದು – ಬಸ್ ನಿಲ್ದಾಣ, ಗುಂಡ್ಲುಪೇಟೆ
22, ಶನಿವಾರ – ಸಂಜೆ 5.30ರಿಂದ 7 – ಪುಸ್ತಕ ಚರ್ಚೆ – ಚಾಮರಾಜನಗರ
31, ಸೋಮವಾರ – ಸದಸ್ಯತ್ವ ಶುಲ್ಕಕ್ಕೆ ಕೊನೆಯ ದಿನ

ಸಾಲುಗಳು ತಾರೀಖಿನ ಕ್ರಮದಲ್ಲಿವೆ, ಮಹತ್ವದ ಕ್ರಮದಲ್ಲಲ್ಲ. ಗಡುವುಗಳೂ ತಾರೀಖುಗಳೇ ಆದ್ದರಿಂದ ಅವೂ ಸಾಲಿನಲ್ಲಿ ಸೇರಿವೆ. ಮುಗಿಯುವ ಹೊತ್ತನ್ನೂ ಹಾಕಿದ್ದೇನೆ. ನಿಮ್ಮ ಕಡೆ ಅದಕ್ಕೆ ವಿಶೇಷ ಕಾರಣವುಂಟು. ಬಂಡೀಪುರದ ಕಾಡಿನ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರ ನಿಷೇಧವಿದೆ. ಊಟಿ ಕಡೆಯಿಂದಲೋ ವಯನಾಡಿನಿಂದಲೋ ಅತಿಥಿಯೊಬ್ಬರನ್ನು ಸಂಜೆಯ ಚರ್ಚೆಗೆ ಕರೆಸಿದರೆ ಅವರು ಮರಳಿ ಗೇಟು ದಾಟುವ ಲೆಕ್ಕ ಹಾಕಿಕೊಳ್ಳಬೇಕಲ್ಲ. ‘ಸಂಜೆ 5.30ಕ್ಕೆ’ ಎಂದಷ್ಟೇ ಬರೆದರೆ ಆ ಲೆಕ್ಕ ಸಿಗುವುದಿಲ್ಲ.

ಬಾಕ್ಸಿನ ಮೊದಲ ತಾರೀಖು ಹಾಳೆ ಸದಸ್ಯರ ಕೈ ಸೇರಿದ ಮೇಲಿನದಾಗಿರಬೇಕು. ನಿಮ್ಮ ಮೊದಲ ಕಾರ್ಯಕ್ರಮ 9ರಂದು ಇದೆ. ಹಾಳೆ ಆಗಸ್ಟ್ 2ರೊಳಗೆ ತಲುಪಬೇಕೆಂದರೆ ಜುಲೈ 28ಕ್ಕೆ ಅಚ್ಚಿಗೆ ಹೋಗಬೇಕು, ಪ್ರಕಟಣೆ ಕೊಡಲು ಕೊನೆಯ ದಿನ ಜುಲೈ 22 ಆಗಬೇಕು. ಆ ಮೇಲೆ ಬಂದದ್ದು ಮುಂದಿನ ತಿಂಗಳಿಗೆ. ಮುರಿಯುವ ನಿಯಮ ಇದೊಂದೇ, ಆದ್ದರಿಂದ ಮೊದಲ ತಿಂಗಳಿನಿಂದಲೇ ಬಿಗಿಯಾಗಿರಿ.

ತಲೆಬರಹದ ಪಟ್ಟಿಗೆ ಬರುತ್ತೇನೆ, ಅದೇ ಮಾಸ್ಟ್‌ಹೆಡ್. ಇದನ್ನು ಕೊನೆಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ಹೊಸದಾಗಿ ಸುದ್ದಿಪತ್ರ ಶುರು ಮಾಡುವವರು ಅರ್ಧ ಸಮಯವನ್ನು ಹೆಸರು, ಲಾಂಛನ, ಬಣ್ಣಗಳಲ್ಲೇ ಕಳೆಯುತ್ತಾರೆ. ಎ4 ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ಸೆಂಟಿಮೀಟರ್ ಎತ್ತರ ಸಾಕು. ಅದರಲ್ಲಿ ಪತ್ರದ ಹೆಸರು ದೊಡ್ಡದಾಗಿ, ಕೆಳಗೆ ಕ್ಲಬ್ಬಿನ ಹೆಸರು ಮತ್ತು ಎರಡೂ ಊರು, ಅದರ ಕೆಳಗೆ ಒಂದು ಗೆರೆಯಲ್ಲಿ ‘ಸಂಪುಟ 1, ಸಂಚಿಕೆ 1, ಆಗಸ್ಟ್ 2026’ ಮತ್ತು ‘ಸದಸ್ಯರಿಗಾಗಿ, ಖಾಸಗಿ ಪ್ರಸಾರಕ್ಕೆ ಮಾತ್ರ’. ಅಧ್ಯಕ್ಷರ ಭಾವಚಿತ್ರವನ್ನು ಅಲ್ಲಿ ಹಾಕಬೇಡಿ. ಪ್ರತಿ ವರ್ಷ ಬದಲಾಗುವುದಕ್ಕೆ ಮಾಸ್ಟ್‌ಹೆಡ್‌ನಲ್ಲಿ ಜಾಗವಿಲ್ಲ. ಸಂಪಾದಕರ ಹೆಸರು, ವಿಳಾಸ, ಫೋನು ಹಿಂದಿನ ಪುಟದ ತಳದಲ್ಲಿರಲಿ.

ಪುಟದ ಉಳಿದ ಲೆಕ್ಕ ಹೀಗೆ. ಎ4 ಅಗಲ 21 ಸೆಂ.ಮೀ. ಎರಡೂ ಬದಿ ಒಂದೂವರೆ ಸೆಂ.ಮೀ. ಅಂಚು ಬಿಟ್ಟು, ನಡುವೆ ಸ್ವಲ್ಪ ಖಾಲಿ ಜಾಗ ಕೊಟ್ಟರೆ ಎಂಟೂವರೆ ಸೆಂ.ಮೀ.ಗೂ ತುಸು ಹೆಚ್ಚಿನ ಎರಡು ಕಾಲಂ ಸಿಗುತ್ತವೆ. ಮೂರು ಕಾಲಂ ಮಾಡುವ ಆಸೆ ಬೇಡ. ಕನ್ನಡದ ಪದಗಳು ಉದ್ದ. ‘ಸರ್ವಸದಸ್ಯರ’, ‘ಪದಾಧಿಕಾರಿಗಳನ್ನು’ ಇಂಥವು ಕಿರಿದಾದ ಕಾಲಮ್ಮಿನಲ್ಲಿ ಸಾಲಿಗೆ ಎರಡೋ ಮೂರೋ ಹಿಡಿಯುತ್ತವೆ. ಎರಡೂ ಅಂಚು ಸಮ ಮಾಡಿದರೆ ಅವುಗಳ ನಡುವೆ ಬಿಳಿ ಹಳ್ಳ ಬೀಳುತ್ತದೆ. ಎಡ ಅಂಚು ಮಾತ್ರ ನೇರ ಇಟ್ಟು ಬಲವನ್ನು ಹಾಗೇ ಬಿಟ್ಟರೆ ಓದಲು ಹಿತ. ಅಕ್ಷರ 12 ಪಾಯಿಂಟ್ ಇರಲಿ, ಸಾಲಿನಿಂದ ಸಾಲಿಗೆ 17 ಪಾಯಿಂಟಾದರೂ ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಿರಿಯ ಸದಸ್ಯರಿಗಾಗಿಯೇ ತರುತ್ತಿದ್ದೀರಿ ಎಂದಿರಲ್ಲ, ಸುದ್ದಿ ಹೆಚ್ಚಿತು ಎಂದು ಅಕ್ಷರ ಕಿರಿದು ಮಾಡುವ ಬದಲು ಒಂದು ಸುದ್ದಿ ಕೈಬಿಡಿ.

ಮುಂದಿನ ಪುಟದಲ್ಲಿ ಮಾಸ್ಟ್‌ಹೆಡ್, ಮುಖ್ಯ ಸುದ್ದಿ, ಒಂದು ಫೋಟೊ, ಬಲಗಡೆಯ ಕೆಳಮೂಲೆಯಲ್ಲಿ ದಿನಾಂಕಗಳ ಬಾಕ್ಸು. ಹಿಂದಿನ ಪುಟ ಪೂರ್ತಿ ಕಿರುಸುದ್ದಿಗೆ. ಬಾಕ್ಸನ್ನು ಕತ್ತರಿಸಿ ಗೋಡೆಗೋ ಫ್ರಿಜ್ಜಿಗೋ ಅಂಟಿಸುವವರು ಇದ್ದೇ ಇರುತ್ತಾರೆ. ಹಾಳೆ ಮಗುಚಿದಾಗ ಅದರ ಬೆನ್ನಿಗೆ ಬರುವುದು ಹಿಂದಿನ ಪುಟದ ಎಡ ಕೆಳಮೂಲೆ. ಆದ್ದರಿಂದ ಸಂತಾಪವನ್ನಾಗಲಿ ನಿಮ್ಮ ವಿಳಾಸವನ್ನಾಗಲಿ ಅಲ್ಲಿ ಇಡಬೇಡಿ. ವಿಳಾಸ ಬಲಗಡೆ ತಳದಲ್ಲಿರಲಿ.

ಎರಡೇ ಪುಟ ತೀರಾ ಚಿಕ್ಕದಾಯಿತು ಎನ್ನುವವರು ನಿಮ್ಮ ಸಮಿತಿಯಲ್ಲಿ ಸಿಗಬಹುದು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ್ದು ಎಂದು ಅವರಿಗೆ ಹೇಳಿ. ಅಷ್ಟರಲ್ಲೇ ಊರ ವರ್ತಮಾನಕ್ಕೆ ಒಂದು ಕಡೆ, ಸರ್ಕಾರದ ನಿರೂಪಗಳಿಗೆ ಒಂದು ಕಡೆ ಎಂದು ವಿಂಗಡಣೆಯೂ ಇತ್ತು.

ಅಚ್ಚಿಗೆ ಕೊಡುವ ಮುನ್ನ ಕರಡನ್ನು ಇಬ್ಬರು ಓದಲಿ. ಒಬ್ಬರು ಚಾಮರಾಜನಗರದವರು, ಒಬ್ಬರು ಗುಂಡ್ಲುಪೇಟೆಯವರು. ಊರ ಹೆಸರು ಬಿಟ್ಟುಹೋದ ಜಾಗ ಆ ಊರಿನವರಿಗೆ ಕಾಣುವುದಿಲ್ಲ, ಇನ್ನೊಂದು ಊರಿನವರಿಗೆ ತಟ್ಟನೆ ಕಾಣುತ್ತದೆ. ಫೋನ್ ನಂಬರುಗಳನ್ನು ಕಣ್ಣಿನಿಂದ ಓದಿದರೆ ಸಾಲದು, ಅಚ್ಚಾದ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಿ.

ನೀವು ಕೇಳದಿದ್ದರೂ ಒಂದು ವಿಷಯ ತಿಳಿಸುತ್ತೇನೆ. 1867ರ ಹಳೆಯ ಕಾಯ್ದೆಯ ಬದಲಿಗೆ ಬಂದ, 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟಿಪ್ಪಣಿಗಳನ್ನು ನಿಯತವಾಗಿ ಮುದ್ರಿಸಿ ಪ್ರಕಟಿಸುವ ಪತ್ರಿಕೆಗಳಿಗೆ ಅದು ಅನ್ವಯಿಸುತ್ತದೆ. ನಿಮ್ಮ ಹಾಳೆ ಸದಸ್ಯರ ನಡುವಿನ ಕ್ಲಬ್ ವಿಷಯಗಳಿಗಷ್ಟೇ ಸೀಮಿತವಾಗಿರಲಿ. ಮುಂದೆ ಊರಿನ ಸುದ್ದಿ, ರಾಜಕೀಯ, ಜಾಹೀರಾತು ಸೇರಿಸಿ ಹೊರಗೆ ಮಾರುವ ಯೋಚನೆ ಬಂದರೆ ಮೊದಲು ನೋಂದಣಿಯ ಬಗ್ಗೆ ತಿಳಿದವರನ್ನು ವಿಚಾರಿಸಿ.

ಮೊದಲ ಸಂಚಿಕೆ ಅಚ್ಚಾದಾಗ ಒಂದು ಪ್ರತಿಯನ್ನು ನಮಗೂ ಕಳುಹಿಸಿಕೊಡಿ. ಬಾಕ್ಸಿನ ತಾರೀಖುಗಳನ್ನು ಕ್ಯಾಲೆಂಡರಿನ ಜೊತೆ ತಾಳೆ ನೋಡುವ ಕೆಲಸ ನಮ್ಮದು.